ಎರಡು ಹಸುವಿಗೆ ಚೀಲ, ಐದಕ್ಕೆ ಗುಂಡಿ: ಸಣ್ಣ ಪ್ರಮಾಣದ ರಸಮೇವಿನ ಲೆಕ್ಕ

ಹಸಿ ಮೇವನ್ನು ಕತ್ತರಿಸಿ, ಗುಂಡಿಯಲ್ಲೋ ಚೀಲದಲ್ಲೋ ಗಾಳಿಯಾಡದಂತೆ ಮುಚ್ಚಿ, ಹುಳಿಯಾಗಿಸಿ ಕೂಡಿಟ್ಟದ್ದು ರಸಮೇವು. ಅದು ಕೆಟ್ಟಿತು ಎಂದ ಕೂಡಲೇ ಬರುವ ಮೊದಲ ಪ್ರಶ್ನೆ, "ಬೆಲ್ಲ ಎಷ್ಟು ಹಾಕಿದ್ರಿ?" ತಪ್ಪು ಬೆಲ್ಲದಲ್ಲಿ ಇರುವುದು ಕಡಿಮೆ. ಸಣ್ಣ ಹಿಡುವಳಿಯಲ್ಲಿ ಮೇವು ಹಾಳಾಗುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ತುಂಬಿದ ಮೇವಿನಲ್ಲಿ ನೀರು ಜಾಸ್ತಿ ಇತ್ತು ಎನ್ನುವುದು ಒಂದು. ಗುಂಡಿ ತೆರೆದ ಮೇಲೆ ಹಸುಗಳು ತಿಂದು ಮುಗಿಸುವುದಕ್ಕಿಂತ ಬೇಗ ಗಾಳಿ ಒಳಗೆ ಹೋಯಿತು ಎನ್ನುವುದು ಇನ್ನೊಂದು. ಮೊದಲನೆಯದು ನೇಪಿಯರ್ ಹುಲ್ಲು ತುಂಬಿದವರಿಗೆ ಬರುವ ತೊಂದರೆ. ಎರಡನೆಯದು ಎರಡು ಹಸು ಇಟ್ಟುಕೊಂಡು ಇಪ್ಪತ್ತು ಹಸುವಿನವರ ಅಳತೆಗೆ ಗುಂಡಿ ತೆಗೆದವರಿಗೆ ಬರುವಂಥದ್ದು. ಈ ಎರಡು ವಿಷಯ ಸರಿಹೋದರೆ ಉಳಿದದ್ದು ಹೆಚ್ಚುಕಡಿಮೆ ಮೈಮುರಿದು ಮಾಡುವ ಕೆಲಸ ಅಷ್ಟೇ.

ಮುಚ್ಚಿದ ಮೇಲೆ ಒಳಗೆ ಏನಾಗುತ್ತದೆ

ಕತ್ತರಿಸಿದ ಮೇವು ತಕ್ಷಣ ಸಾಯುವುದಿಲ್ಲ. ಅದರ ಜೀವಕೋಶಗಳು ಸುತ್ತಲಿನ ಗಾಳಿಯಲ್ಲಿರುವ ಆಮ್ಲಜನಕವನ್ನು ಎಳೆದುಕೊಂಡು, ತಮ್ಮಲ್ಲೇ ಇರುವ ಸಕ್ಕರೆಯನ್ನು ಸುಟ್ಟು, ಬಿಸಿಯಾಗುತ್ತವೆ. ಚೆನ್ನಾಗಿ ತುಳಿದು ಮುಚ್ಚಿದ ಗುಂಡಿಯಲ್ಲಿ ಈ ಉಸಿರಾಟ ಕೆಲವೇ ಗಂಟೆಗಳಲ್ಲಿ ನಿಲ್ಲುತ್ತದೆ. ಸಡಿಲವಾಗಿ ತುಂಬಿದ್ದರೆ ದಿನಗಟ್ಟಲೆ ನಡೆಯುತ್ತದೆ. ಅಷ್ಟೂ ಹೊತ್ತು ಖರ್ಚಾಗುವುದು ಮುಂದೆ ಹುಳಿಯಾಗಬೇಕಿದ್ದ ಸಕ್ಕರೆಯೇ.

ಆಮ್ಲಜನಕ ಮುಗಿದ ಮೇಲೆ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳ ಕೆಲಸ ಶುರು. ಹಾಲನ್ನು ಮೊಸರು ಮಾಡುವ ಗುಂಪಿಗೇ ಸೇರಿದ ಇವು ಎಲೆ ದಂಟುಗಳ ಮೇಲೆ ಮೊದಲೇ ಇರುತ್ತವೆ. ಸಕ್ಕರೆ ತಿಂದು ಆಮ್ಲ ಬಿಡುತ್ತಾ ಹೋದಂತೆ ಮೇವಿನ ಪಿಎಚ್ ಸುಮಾರು 6ರಿಂದ ಕೆಳಗಿಳಿಯುತ್ತದೆ. ಮೆಕ್ಕೆಜೋಳದಲ್ಲಿ ಅದು 4ರ ಆಸುಪಾಸಿಗೆ ಬಂದಾಗ ಬೇರೆ ಸೂಕ್ಷ್ಮಜೀವಿಗಳು ತಲೆಯೆತ್ತಲಾರವು, ಕೊನೆಗೆ ಈ ಬ್ಯಾಕ್ಟೀರಿಯಾಗಳೂ ತಣ್ಣಗಾಗುತ್ತವೆ. ಅಲ್ಲಿಂದ ಮುಂದೆ ಗಾಳಿ ಸೋಕದಿದ್ದರೆ ಮೇವು ಒಂದು ವರ್ಷಕ್ಕೂ ಮೀರಿ ಹಾಗೆಯೇ ಇರುತ್ತದೆ. ಹುಳಿಯಾಗುವ ಕೆಲಸದ ಬಹುಪಾಲು ಮೊದಲ ಮೂರು ವಾರಗಳಲ್ಲಿ ಮುಗಿಯುತ್ತದಾದರೂ ನಮ್ಮಲ್ಲಿ 45 ದಿನ ಕಾಯುವ ರೂಢಿಯಿದೆ. ಅವಸರ ಇಲ್ಲದಿದ್ದರೆ ಅದೇ ಒಳ್ಳೆಯದು.

ಎದುರಾಳಿ ಪಾಳಯದಲ್ಲಿ ಇಬ್ಬರಿದ್ದಾರೆ. ಗಾಳಿ ಸಿಕ್ಕಿದಲ್ಲಿ ಯೀಸ್ಟ್ ಮತ್ತು ಬೂಷ್ಟು ಬೆಳೆಯುತ್ತವೆ. ಗಾಳಿ ಇಲ್ಲದೆ ನೀರು ಜಾಸ್ತಿ ಇದ್ದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಇದು ಮಣ್ಣು, ಸಗಣಿಯ ಮೂಲಕ ಮೇವಿಗೆ ಸೇರುತ್ತದೆ. ಆಗಲೇ ತಯಾರಾದ ಲ್ಯಾಕ್ಟಿಕ್ ಆಮ್ಲವನ್ನು ತಿಂದು ಬ್ಯುಟಿರಿಕ್ ಆಮ್ಲವಾಗಿ ಮಾಡುತ್ತದೆ, ಪ್ರೋಟೀನನ್ನು ಒಡೆದು ಅಮೋನಿಯಾ ಬಿಡುತ್ತದೆ. ಕೈಗೆ ಹತ್ತಿದರೆ ಎರಡು ದಿನ ಸೋಪು ಹಾಕಿದರೂ ಹೋಗದ ಆ ನಾತ ಇದರದ್ದು. ಬೂಷ್ಟನ್ನು ತುಳಿತ ಮತ್ತು ಹಾಳೆಯಿಂದ ತಡೆಯಬಹುದು. ಕ್ಲಾಸ್ಟ್ರಿಡಿಯಂ ಅನ್ನು ತಡೆಯಬೇಕಾದರೆ ತುಂಬುವ ಮೊದಲೇ ನೀರಿನ ಕಡೆ ಗಮನ ಕೊಡಬೇಕು.

ಮೆಕ್ಕೆಜೋಳ: ತೆನೆ ಮುರಿದು ನೋಡಿ

ರಸಮೇವಿಗೆ ಮೆಕ್ಕೆಜೋಳದಷ್ಟು ಸಲೀಸಾದ ಬೆಳೆ ಇನ್ನೊಂದಿಲ್ಲ. ದಂಟಿನಲ್ಲಿ ಸಾಕಷ್ಟು ಸಕ್ಕರೆ, ತೆನೆಯಲ್ಲಿ ಹಿಟ್ಟು, ಸರಿಯಾದ ಹದದಲ್ಲಿ ಕೊಯ್ದರೆ ನೀರೂ ಬೇಕಾದಷ್ಟೇ. ಒಣ ಅಂಶ ನೂರಕ್ಕೆ 30ರಿಂದ 35 ಇರಬೇಕು. ಎಂದರೆ 100 ಕೆಜಿ ಹಸಿ ಮೇವಿನಲ್ಲಿ 65–70 ಕೆಜಿ ನೀರು.

ಈ ಹದ ಬಂದಿದೆಯೇ ಎಂದು ತಿಳಿಯಲು ಬಿತ್ತಿದ ತಾರೀಕು ಸಾಲದು. ಮೇವಿಗೆಂದೇ ಬಿತ್ತುವ ಆಫ್ರಿಕನ್ ಟಾಲ್ ತಳಿ ಮುಂಗಾರಿನಲ್ಲಿ ಸುಮಾರು 75–85 ದಿನಕ್ಕೆ ಬರುತ್ತದೆ, ಆದರೆ ಮೋಡ, ಚಳಿ, ನೀರಿನ ಕೊರತೆ ಇವೆಲ್ಲ ಅದನ್ನು ಹಿಂದೆ ಮುಂದೆ ಮಾಡುತ್ತವೆ. ತೆನೆಯನ್ನೇ ಕೇಳಬೇಕು. ಹೊಲದ ಒಳಭಾಗದಿಂದ ನಾಲ್ಕೈದು ತೆನೆ ಕಿತ್ತು, ಸಿಪ್ಪೆ ಸುಲಿದು, ನಟ್ಟನಡುವೆ ಮುರಿಯಿರಿ. ತುದಿ ಕಡೆಯ ತುಂಡನ್ನು ಹಿಡಿದು ಮುರಿದ ಬದಿಯ ಕಾಳುಗಳನ್ನು ನೋಡಿ. ಕಾಳಿನ ಮೇಲ್ಭಾಗ ಗಟ್ಟಿಯಾಗಿ ಹಳದಿ ತಿರುಗಿರುತ್ತದೆ, ಬುಡದ ಕಡೆ ಇನ್ನೂ ಬೆಳ್ಳಗೆ ಹಾಲಿರುತ್ತದೆ, ನಡುವೆ ಒಂದು ಗೆರೆ. ಆ ಗೆರೆ ಕಾಳಿನ ಅರ್ಧಕ್ಕೆ ಇಳಿದಾಗಿನಿಂದ ಮೂರರಲ್ಲಿ ಎರಡು ಪಾಲಿಗೆ ಇಳಿಯುವವರೆಗೆ ಕೊಯ್ಲಿನ ಕಾಲ. ಇಡೀ ಕಾಳು ಉಗುರಿಗೆ ಹಾಲು ಚಿಮ್ಮಿಸುತ್ತಿದ್ದರೆ ಇನ್ನೂ ಎಳೆಯದು. ಗುಂಡಿಯ ತಳದಿಂದ ರಸ ಸೋರಿಹೋಗುತ್ತದೆ, ಜೊತೆಗೆ ಸಕ್ಕರೆಯೂ. ಗೆರೆ ಬುಡ ಮುಟ್ಟಿದ್ದರೆ ತಡವಾಗಿದೆ. ದಂಟು ಒಣಗಿ ತುಳಿತಕ್ಕೆ ಬಗ್ಗುವುದಿಲ್ಲ, ಕಾಳು ಗಟ್ಟಿಯಾಗಿ ಇಡಿಯಾಗಿಯೇ ಸಗಣಿಯಲ್ಲಿ ಹೊರಬೀಳುತ್ತದೆ.

ಕಾಳಿಗೆಂದು ಬೆಳೆದು ತೆನೆ ಮುರಿದ ಮೇಲೆ ಉಳಿಯುವ ಒಣ ದಂಟಿನಿಂದ ರಸಮೇವು ಮಾಡಬಹುದೇ ಎಂದು ದಾವಣಗೆರೆ, ಹಾವೇರಿ ಕಡೆ ಅನೇಕರು ಕೇಳುತ್ತಾರೆ. ಆಗದು. ಅದರಲ್ಲಿ ಸಕ್ಕರೆಯೂ ಇಲ್ಲ, ನೀರೂ ಇಲ್ಲ. ಒಣಮೇವಾಗಿಯೇ ಕತ್ತರಿಸಿ ಹಾಕುವುದು ವಾಸಿ. ಬೇಬಿ ಕಾರ್ನ್ ಮತ್ತು ಸ್ವೀಟ್ ಕಾರ್ನ್ ಕಿತ್ತ ಮೇಲಿನ ಹಸಿರು ದಂಟು ಮಾತ್ರ ಚೆನ್ನಾಗಿ ಹುಳಿಯಾಗುತ್ತದೆ, ನೀರು ಸ್ವಲ್ಪ ಜಾಸ್ತಿ ಎನ್ನುವುದನ್ನು ನೆನಪಿಟ್ಟರೆ ಸಾಕು. ಲದ್ದಿಹುಳುವಿಗೆ ಔಷಧಿ ಹೊಡೆದಿದ್ದರೆ ಡಬ್ಬಿಯ ಮೇಲೆ ಬರೆದಿರುವ ಕಾಯುವ ಅವಧಿ ಮುಗಿಯದೆ ಕೊಯ್ಯಬೇಡಿ. ಹುಳಿಯಾದ ಮಾತ್ರಕ್ಕೆ ಔಷಧಿ ಹೋಗುತ್ತದೆ ಎಂದು ನಂಬಿಕೊಳ್ಳುವಂತಿಲ್ಲ.

ನೇಪಿಯರ್: ಮೊದಲು ನೀರು ಇಳಿಸಿ

ನೇಪಿಯರ್ ಹುಲ್ಲಿನ ಕಥೆ ಬೇರೆ. ಸಿಒ-3, ಸಿಒ-4, ಸೂಪರ್ ನೇಪಿಯರ್ ಯಾವುದೇ ಇರಲಿ, 45–50 ದಿನಕ್ಕೆ ಕೊಯ್ದ ಹುಲ್ಲಿನಲ್ಲಿ ಒಣ ಅಂಶ ಸಾಮಾನ್ಯವಾಗಿ ನೂರಕ್ಕೆ 15ರಿಂದ 20 ಅಷ್ಟೇ. ಸಕ್ಕರೆಯೂ ಮೆಕ್ಕೆಜೋಳಕ್ಕಿಂತ ತೀರಾ ಕಡಿಮೆ. ಬಲಿಯಲಿ ಎಂದು 80–90 ದಿನ ಬಿಟ್ಟರೆ ನೀರೇನೋ ಇಳಿಯುತ್ತದೆ, ಆದರೆ ದಂಟು ಕಟ್ಟಿಗೆಯಾಗಿ ಹಸುವಿಗೆ ಜೀರ್ಣವಾಗುವುದಿಲ್ಲ. ಸುಮಾರು 55–60 ದಿನಕ್ಕೆ ಕೊಯ್ದು, ಉಳಿದ ನೀರನ್ನು ಬಾಡಿಸಿ ತೆಗೆಯುವುದು ಮಧ್ಯದ ದಾರಿ.

ಎಷ್ಟು ಬಾಡಿಸಬೇಕು ಎಂಬುದಕ್ಕೆ ತಕ್ಕಡಿ ಸಾಕು. 10 ಕೆಜಿ ಹುಲ್ಲಿನಲ್ಲಿ ನೂರಕ್ಕೆ 18ರಂತೆ 1.8 ಕೆಜಿ ಒಣ ಅಂಶವಿದೆ ಎನ್ನಿ. ಬಾಡುವಾಗ ಹೋಗುವುದು ನೀರು ಮಾತ್ರ, ಆ 1.8 ಕೆಜಿ ಹಾಗೆಯೇ ಇರುತ್ತದೆ. ಕಟ್ಟಿನ ತೂಕ 7 ಕೆಜಿಗೆ ಇಳಿದಾಗ ಒಣ ಅಂಶ ನೂರಕ್ಕೆ 26ರ ಹತ್ತಿರ ಬಂದಿರುತ್ತದೆ, 6.5 ಕೆಜಿಗೆ ಇಳಿದರೆ 28ರ ಹತ್ತಿರ. ಹಾಗಾಗಿ ಕೊಯ್ದ ತಕ್ಷಣ ಒಂದು ಕಟ್ಟನ್ನು ತೂಗಿ, ಗುರುತು ಹಾಕಿ, ಅದನ್ನೂ ಉಳಿದ ಹುಲ್ಲಿನ ಹಾಗೆಯೇ ಬಿಡಿಸಿ ಹರಡಿ, ಸಂಜೆ ಮತ್ತು ಮರುದಿನ ಬೆಳಿಗ್ಗೆ ಮತ್ತೆ ತೂಗಿ. 10ರಿಂದ 7ಕ್ಕೆ ಬಂದಾಗ ಕತ್ತರಿಸಲು ಶುರುಮಾಡಿ. ಬಿಸಿಲಿದ್ದರೆ ಒಂದು ದಿನದಲ್ಲಿ ಆಗಬಹುದು. ಎಲೆ ಬೇಗ ಬಾಡಿ ದಂಟು ಮಾತ್ರ ಹಸಿಯಾಗಿ ಉಳಿಯುವುದರಿಂದ ಎಲೆ ಸೊರಗಿದ್ದನ್ನು ನೋಡಿ ಮೋಸಹೋಗಬಾರದು. ತೂಕವೇ ಲೆಕ್ಕ. ಎರಡು ದಿನಕ್ಕಿಂತ ಹೆಚ್ಚು ನೆಲದ ಮೇಲೆ ಬಿಟ್ಟರೆ ಇರುವ ಅಲ್ಪ ಸಕ್ಕರೆಯೂ ಉಸಿರಾಟದಲ್ಲಿ ಕರಗಿಹೋಗುತ್ತದೆ.

ಮೋಡ ಮುಚ್ಚಿ ಬಾಡಿಸಲು ಆಗದಿದ್ದರೆ ಒಣಮೇವು ಬೆರೆಸಬೇಕು. ರಾಗಿ ಹುಲ್ಲು ಇದಕ್ಕೆ ಬಹಳ ಒಳ್ಳೆಯದು. ನೂರಕ್ಕೆ 20 ಒಣ ಅಂಶವಿರುವ 100 ಕೆಜಿ ನೇಪಿಯರ್‌ಗೆ ಸಣ್ಣಗೆ ಕತ್ತರಿಸಿದ 10 ಕೆಜಿ ರಾಗಿ ಹುಲ್ಲು ಸೇರಿಸಿದರೆ ಒಟ್ಟು ಮೇವಿನ ಒಣ ಅಂಶ ಸುಮಾರು 26ಕ್ಕೆ ಏರುತ್ತದೆ. ಪದರ ಪದರವಾಗಿ ಹಾಕದೆ ಎರಡನ್ನೂ ಯಂತ್ರಕ್ಕೆ ಒಟ್ಟಿಗೇ ಕೊಡಿ, ಆಗ ತಾನಾಗಿ ಬೆರೆಯುತ್ತದೆ. ಬೂಷ್ಟು ಹಿಡಿದ, ಮಳೆಗೆ ನೆನೆದ ಹುಲ್ಲನ್ನು ಮಾತ್ರ ಇದಕ್ಕೆ ಬಳಸಬೇಡಿ.

ಎರಡೂ ಮೇವಿಗೆ ಕೊನೆಯ ಪರೀಕ್ಷೆ ಕೈಯದ್ದು. ಕತ್ತರಿಸಿದ ಮೇವನ್ನು ಮುಷ್ಟಿ ತುಂಬ ಹಿಡಿದು ಅರ್ಧ ನಿಮಿಷ ಬಲವಾಗಿ ಹಿಂಡಿ, ಮುಷ್ಟಿ ಬಿಚ್ಚಿ. ಬೆರಳ ಸಂದಿಯಿಂದ ರಸ ತೊಟ್ಟಿಕ್ಕಿದರೆ ತುಂಬಬೇಡಿ. ಉಂಡೆ ಹಾಗೇ ನಿಂತು ಅಂಗೈ ಮಾತ್ರ ಒದ್ದೆಯಾದರೆ ನೇಪಿಯರ್‌ಗೆ ಪರವಾಗಿಲ್ಲ. ಉಂಡೆ ನಿಧಾನವಾಗಿ ಅರಳಿ ಬಿಚ್ಚಿಕೊಂಡರೆ ಒಳ್ಳೆಯ ಹದ. ಬಿಚ್ಚಿದ ಕ್ಷಣವೇ ಉದುರಿಹೋದರೆ ಒಣಗಿದೆ, ತುಳಿಯುವಾಗ ಎರಡು ಪಟ್ಟು ಶ್ರಮ ಬೇಕು.

ಬೆಲ್ಲ, ಉಪ್ಪು, ಯೂರಿಯಾ

ಸರಿಯಾದ ಹದದಲ್ಲಿ ಕೊಯ್ದ ಮೆಕ್ಕೆಜೋಳಕ್ಕೆ ಏನೂ ಹಾಕಬೇಕಿಲ್ಲ. ಬೆಲ್ಲದ ದುಡ್ಡು ಉಳಿಸಿ ದಪ್ಪ ಹಾಳೆ ತನ್ನಿ.

ನೇಪಿಯರ್‌ಗೆ ಬೆಲ್ಲ ಬೇಕು. 100 ಕೆಜಿ ಮೇವಿಗೆ 2 ಕೆಜಿ ಬೆಲ್ಲ, ಅದು ಕರಗಲು ಎಷ್ಟು ಬೇಕೋ ಅಷ್ಟೇ ನೀರು, ಸುಮಾರು 2 ಲೀಟರ್. ಕಾಕಂಬಿ ಸಿಕ್ಕರೆ 3–4 ಕೆಜಿ ಹಾಕಿ, ಏಕೆಂದರೆ ಅದರಲ್ಲಿ ಸಕ್ಕರೆಯ ಪಾಲು ಬೆಲ್ಲದ್ದಕ್ಕಿಂತ ಕಡಿಮೆ. ಬಕೆಟ್ ನೀರಿನಲ್ಲಿ ಬೆಲ್ಲ ಕರಗಿಸಿ ಸುರಿದರೆ ಇಡೀ ದಿನ ಬಾಡಿಸಿದ್ದು ದಂಡ. ಪ್ರತಿ ಪದರಕ್ಕೂ ಹೂವಿಗೆ ನೀರು ಹಾಕುವ ಝರಿ ಡಬ್ಬಿಯಿಂದ ಚಿಮುಕಿಸಿ. ಜೋಳದ ಹಿಟ್ಟು, ತೌಡು ಬೆರೆಸುವವರಿದ್ದಾರೆ. ಅವು ನೀರನ್ನು ಹೀರುತ್ತವೆ, ಮೇವಿನ ಸತ್ವವನ್ನೂ ಹೆಚ್ಚಿಸುತ್ತವೆ. ಆದರೆ ಪಿಷ್ಟವನ್ನು ಈ ಬ್ಯಾಕ್ಟೀರಿಯಾಗಳು ಸುಲಭಕ್ಕೆ ಒಡೆಯಲಾರವು, ಹಾಗಾಗಿ ಬೆಲ್ಲಕ್ಕೆ ಅದು ಪೂರ್ತಿ ಬದಲಿಯಲ್ಲ.

ಯೂರಿಯಾ ಹಾಕಬೇಕು ಎಂಬ ಸಲಹೆ ಹಳೆಯದು, ಇನ್ನೂ ಓಡಾಡುತ್ತಿದೆ. ಪ್ರೋಟೀನ್ ಲೆಕ್ಕಕ್ಕೆ ಅದು ಸರಿ ಕಂಡರೂ ಯೂರಿಯಾ ಒಡೆದು ಬರುವ ಅಮೋನಿಯಾ ಹುಳಿಯನ್ನು ಕೊಲ್ಲುತ್ತದೆ. ಮೊದಲೇ ಹುಳಿ ಏರಲು ಒದ್ದಾಡುವ ನೇಪಿಯರ್‌ಗೆ ಇದು ಕಾಲೆಳೆದಂತೆ. ಮೇಲಾಗಿ ಕೈಯಲ್ಲಿ ಎರಚಿದ ಯೂರಿಯಾ ಒಂದೇ ಕಡೆ ಗುಡ್ಡೆಯಾಗಿ ಬಿದ್ದರೆ ಆ ಭಾಗ ತಿಂದ ಹಸುವಿಗೆ ಪ್ರಾಣಾಪಾಯ. ಕೊಡಲೇಬೇಕೆಂದರೆ ಒಣಹುಲ್ಲಿಗೆ ಪ್ರತ್ಯೇಕವಾಗಿ ಉಪಚಾರ ಮಾಡುವ ಪದ್ಧತಿಯೇ ಇದೆ. ಉಪ್ಪು ರುಚಿಗೆ, ಕೆಡದಂತೆ ತಡೆಯುವುದಕ್ಕಲ್ಲ.

ಗುಂಡಿಯ ಅಳತೆ ಎದುರುಮುಖದಿಂದ ಶುರು

ಗುಂಡಿ ಎಷ್ಟು ದೊಡ್ಡದಿರಬೇಕು ಎಂಬುದನ್ನು ಹೆಚ್ಚಿನವರು ಎಷ್ಟು ಮೇವಿದೆ ಎಂಬುದರಿಂದ ನಿರ್ಧರಿಸುತ್ತಾರೆ. ಉದ್ದವನ್ನು ಹಾಗೆ ನಿರ್ಧರಿಸಬಹುದು. ಅಗಲ ಮತ್ತು ಆಳವನ್ನು ನಿರ್ಧರಿಸಬೇಕಾದದ್ದು ದಿನಕ್ಕೆ ಎಷ್ಟು ಮೇವು ತೆಗೆಯುತ್ತೀರಿ ಎಂಬುದು.

ಕಾರಣ ಹೀಗೆ. ಗುಂಡಿಯನ್ನು ಒಂದು ತುದಿಯಿಂದ ತೆರೆದಾಗ ಮೇವಿನ ಒಂದು ಮುಖ ಗಾಳಿಗೆ ಒಡ್ಡಿಕೊಳ್ಳುತ್ತದೆ. ಅಲ್ಲಿಂದ ಗಾಳಿ ಒಳಗೆ ನುಸುಳುತ್ತದೆ, ನಿದ್ದೆಯಲ್ಲಿದ್ದ ಯೀಸ್ಟ್ ಎಚ್ಚೆತ್ತು ಆಮ್ಲವನ್ನು ತಿನ್ನುತ್ತದೆ, ಮೇವು ಬಿಸಿಯಾಗುತ್ತದೆ, ಹಿಂದೆಯೇ ಬೂಷ್ಟು ಬರುತ್ತದೆ. ಇದಕ್ಕೆ ಅವಕಾಶ ಸಿಗದಂತೆ ಬೇಸಿಗೆಯಲ್ಲಿ ದಿನಕ್ಕೆ ಕನಿಷ್ಠ 10 ಸೆಂ.ಮೀ. ದಪ್ಪದ ಮೇವನ್ನು ಇಡೀ ಮುಖದಿಂದ ತೆಗೆಯುತ್ತಾ ಹೋಗಬೇಕು.

ಐದು ಹಸುವಿನ ಮನೆಯನ್ನು ತೆಗೆದುಕೊಳ್ಳೋಣ. ಹಸುವಿಗೆ ದಿನಕ್ಕೆ 20 ಕೆಜಿಯಂತೆ 100 ಕೆಜಿ, ಮಾರ್ಚ್‌ನಿಂದ ಮೇ ತನಕ 90 ದಿನ, ಒಟ್ಟು 9 ಟನ್. ಕಾಲಲ್ಲಿ ಚೆನ್ನಾಗಿ ತುಳಿದ ಮೇವು ಒಂದು ಘನ ಮೀಟರಿಗೆ 500–600 ಕೆಜಿ ಹಿಡಿಯುತ್ತದೆ, 550 ಎಂದಿಟ್ಟುಕೊಳ್ಳಿ. 100 ಕೆಜಿ ಎಂದರೆ ಸುಮಾರು 0.18 ಘನ ಮೀಟರ್. ಅಷ್ಟನ್ನು 10 ಸೆಂ.ಮೀ. ದಪ್ಪದ ಹೋಳಾಗಿ ತೆಗೆಯಬೇಕಾದರೆ ಮುಖದ ವಿಸ್ತೀರ್ಣ 1.8 ಚದರ ಮೀಟರ್ ಇರಬೇಕು. ಒಂದೂವರೆ ಮೀಟರ್ ಅಗಲ, 1.2 ಮೀಟರ್ ಆಳ ಇದಕ್ಕೆ ಸರಿಹೋಗುತ್ತದೆ. ದಿನಕ್ಕೆ 10 ಸೆಂ.ಮೀ.ನಂತೆ 90 ದಿನಕ್ಕೆ 9 ಮೀಟರ್, ಎರಡೂ ತುದಿಯಲ್ಲಿ ಒಂದಿಷ್ಟು ಹಾಳಾಗುವುದು ಸೇರಿ 10 ಮೀಟರ್ ಉದ್ದ. ಹುಳಿಯಾಗುವಾಗಿನ ನಷ್ಟ, ಅಂಚಿನಲ್ಲಿ ಎಸೆಯುವುದು ಎಲ್ಲಾ ಸೇರಿ ನೂರಕ್ಕೆ 15 ಹೋಗುತ್ತದೆ ಎಂದರೆ ತುಂಬಬೇಕಾದ ಹಸಿ ಮೇವು ಸುಮಾರು 10.6 ಟನ್. ಆಫ್ರಿಕನ್ ಟಾಲ್ ಎಕರೆಗೆ 16–20 ಟನ್ ಕೊಡುತ್ತದಾದ್ದರಿಂದ 27 ಗುಂಟೆ ಬಿತ್ತಿದರೆ ಸಾಕು.

ಇದೇ ಗುಂಡಿಯನ್ನು ಎರಡು ಹಸು ಇರುವವರು ತೆಗೆದರೆ? ಹಸುವಿಗೆ 15 ಕೆಜಿಯಂತೆ ದಿನಕ್ಕೆ 30 ಕೆಜಿ ತೆಗೆದರೆ ಮುಖ ಹಿಂದೆ ಸರಿಯುವುದು ಬರೀ 3 ಸೆಂ.ಮೀ. ಗಾಳಿ ಅದಕ್ಕಿಂತ ಎಷ್ಟೋ ಮುಂದೆ ಹೋಗಿರುತ್ತದೆ. ತುಂಬುವಾಗ ಎಲ್ಲವನ್ನೂ ಸರಿಯಾಗಿ ಮಾಡಿದ್ದರೂ ದಿನವೂ ಅರ್ಧ ಕೆಟ್ಟ ಮೇವನ್ನೇ ಹಾಕಬೇಕಾಗುತ್ತದೆ. ಮುಖವನ್ನು ಮುಕ್ಕಾಲು ಮೀಟರ್ ಅಗಲ, ಮುಕ್ಕಾಲು ಮೀಟರ್ ಆಳಕ್ಕೆ ಇಳಿಸಿದರೆ ಲೆಕ್ಕ ಕೂಡುತ್ತದೆ, ಆದರೆ ಅಷ್ಟು ಸಣ್ಣ ಕಾಲುವೆಯಲ್ಲಿ ಹಾಳೆಗೆ ತಾಗುವ ಅಂಚೇ ಹೆಚ್ಚು, ಒಳ್ಳೆಯ ಮೇವು ಕಡಿಮೆ. ಎರಡು ಮೂರು ಹಸುವಿಗೆ ಚೀಲವೇ ಸರಿ ಎನ್ನುವುದು ಈ ಲೆಕ್ಕದಿಂದ.

ಗುಂಡಿ ತುಂಬುವ ದಿನ

ಜಾಗ ಎತ್ತರದಲ್ಲಿರಬೇಕು, ಮಳೆನೀರು ಅತ್ತ ಹರಿಯಬಾರದು, ಕೊಟ್ಟಿಗೆಗೆ ಹತ್ತಿರವಿರಬೇಕು. ಗೋಡೆಗಳು ನೇರಕ್ಕಿಂತ ಸ್ವಲ್ಪ ಹೊರಕ್ಕೆ ವಾಲಿದ್ದರೆ ಮೇವು ಕುಸಿಯುವಾಗ ಗೋಡೆಗೆ ಒತ್ತಿಕೊಂಡೇ ಇಳಿಯುತ್ತದೆ. ತಳ ಒಂದು ತುದಿಗೆ ಕೊಂಚ ಇಳಿಜಾರಿರಲಿ. ಕಲ್ಲು, ಬೇರಿನ ಮೊನೆಗಳನ್ನು ಕೆರೆದು ತೆಗೆದು, 200 ಮೈಕ್ರಾನ್ ಎಂದರೆ 800 ಗೇಜ್ ದಪ್ಪದ ಹಾಳೆ ಹಾಸಿ. ಮೇಲಿನ ಅಳತೆಯ ಗುಂಡಿಗೆ ತಳ ಮತ್ತು ಎರಡು ಗೋಡೆ ಸೇರಿ ಅಡ್ಡಕ್ಕೆ 3.9 ಮೀಟರ್, ಎರಡೂ ಬದಿ ಮಡಚಲು ಮುಕ್ಕಾಲು ಮೀಟರಿನಂತೆ ಬಿಟ್ಟರೆ ಸುಮಾರು 5.5 ಮೀಟರ್ ಅಗಲದ ಹಾಳೆ ಬೇಕು. ಮೇಲೆ ಹೊದಿಸಲು ಇನ್ನೊಂದು.

ನೆಲದಿಂದ ಒಂದು ಗೇಣು ಬಿಟ್ಟು ಕೊಯ್ಯಿರಿ, ಬುಡದ ಮಣ್ಣು ಬರಬಾರದು. ಯಂತ್ರದಲ್ಲಿ ತುಂಡು 1–2 ಸೆಂ.ಮೀ. ಇರಲಿ. ಬ್ಲೇಡು ಮೊಂಡಾಗಿದ್ದರೆ ತುಂಡು ಉದ್ದವಾಗಿ, ನಾರುನಾರಾಗಿ ಬರುತ್ತದೆ. ಉದ್ದ ತುಂಡುಗಳ ನಡುವೆ ಗಾಳಿ ನಿಲ್ಲುತ್ತದೆ, ಗೊಂತಿನಲ್ಲಿ ಹಸು ಎಲೆ ಆರಿಸಿಕೊಂಡು ದಂಟು ಬಿಡುತ್ತದೆ.

ಗಂಟೆಗೆ ಒಂದು ಟನ್ ಕತ್ತರಿಸುವ ಯಂತ್ರಕ್ಕೆ ಹತ್ತೂವರೆ ಟನ್ ಎಂದರೆ ಕರೆಂಟ್ ಕೈಕೊಡದಿದ್ದರೂ ಒಂದು ಪೂರ್ತಿ ದಿನ ಮೀರುತ್ತದೆ. ಹಾಗಾಗಿ ಇಡೀ ಗುಂಡಿಯ ತಳಕ್ಕೆ ತೆಳುವಾಗಿ ಹರಡಬೇಡಿ. ಒಂದು ತುದಿಯಲ್ಲಿ ಶುರುಮಾಡಿ, ಒಂದು ಗೇಣು ದಪ್ಪದ ಪದರ ಹಾಕಿ ತುಳಿದು, ಅಲ್ಲೇ ಮೇಲಕ್ಕೆ ಏರಿಸುತ್ತಾ ಇಳಿಜಾರಾಗಿ ಮುಂದಕ್ಕೆ ಸಾಗಿ. ಹೀಗೆ ಮಾಡಿದರೆ ತುಂಬಿದ ಭಾಗವನ್ನು ಹಿಂದೆಯೇ ಮುಚ್ಚಿಕೊಂಡು ಹೋಗಬಹುದು, ರಾತ್ರಿ ಕೆಲಸ ನಿಂತರೆ ಇಳಿಜಾರಿನ ಮೇಲೆ ಮಾತ್ರ ಹಾಳೆ ಎಳೆದರಾಯಿತು. ಎರಡನೆಯ ದಿನದ ಸಂಜೆಯೊಳಗೆ ಮುಗಿಯಲೇಬೇಕು. ತುಳಿಯುವವರು ನಡುವಿಗಿಂತ ಗೋಡೆಯ ಬದಿ ಹೆಚ್ಚು ತುಳಿಯಬೇಕು, ಬೂಷ್ಟು ಮೊದಲು ಬರುವುದು ಅಲ್ಲಿ. ಹೆಜ್ಜೆ ಇಟ್ಟರೆ ಕಾಲು ಮುಳುಗಬಾರದು, ಬೆರಳು ಚುಚ್ಚಿದರೆ ಎರಡನೆಯ ಗೆಣ್ಣಿನಾಚೆ ಹೋಗಬಾರದು.

ನೆಲಮಟ್ಟಕ್ಕಿಂತ ಒಂದೂವರೆ ಅಡಿ ಎತ್ತರಕ್ಕೆ ಗುಮ್ಮಟವಾಗಿ ಏರಿಸಿ ನಿಲ್ಲಿಸಿ, ಹಾಳೆ ಹೊದಿಸಿ, ಅರ್ಧ ಅಡಿ ಮಣ್ಣು ಅಥವಾ ಮರಳಿನ ಚೀಲಗಳನ್ನು ಒತ್ತಾಗಿ ಹೇರಿ. ಮೊದಲ ವಾರದಲ್ಲಿ ಮೇವು ಕುಸಿದು ಮಣ್ಣು ಬಿರುಕು ಬಿಡುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ. ದಿನಾ ಒಂದು ಸುತ್ತು ಹಾಕಿ ಬಿರುಕು ಮುಚ್ಚಬೇಕು.

ಒಂದು ಎಚ್ಚರಿಕೆ. ಹುಳಿಯಾಗುವ ಮೊದಲ ದಿನಗಳಲ್ಲಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗೊಬ್ಬರ ಜಾಸ್ತಿಯಾದ, ಬರಕ್ಕೆ ಸಿಕ್ಕಿದ ಬೆಳೆಯಾದರೆ ಹಳದಿ ಮಿಶ್ರಿತ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಕೂಡ ಬರಬಹುದು. ಎರಡೂ ಗಾಳಿಗಿಂತ ಭಾರ, ತಗ್ಗಿನಲ್ಲೇ ನಿಲ್ಲುತ್ತವೆ. ಆಳದ ಬಾವಿಯಾಕಾರದ ಗುಂಡಿಯಲ್ಲಿ ಅರ್ಧ ತುಂಬಿ, ಮರುದಿನ ತುಳಿಯಲು ಒಬ್ಬರೇ ಇಳಿಯುವುದು ಪ್ರಾಣಕ್ಕೆ ಕುತ್ತು. ಎದೆಮಟ್ಟಕ್ಕಿಂತ ಆಳದ ಗುಂಡಿಯನ್ನು ಸಣ್ಣ ರೈತರು ತೆಗೆಯದಿರುವುದೇ ಕ್ಷೇಮ.

ಚೀಲದ ಕೆಲಸ

ಎರಡು ಹಸುವಿಗೆ 15 ಕೆಜಿಯಂತೆ 90 ದಿನಕ್ಕೆ 2,700 ಕೆಜಿ ರಸಮೇವು, ನಷ್ಟ ಸೇರಿ ಸುಮಾರು 3,200 ಕೆಜಿ ಹಸಿ ಮೇವು ಬೇಕು. ಚೀಲಕ್ಕೆ 40 ಕೆಜಿಯಂತೆ 80 ಚೀಲ. ಒಂದು ಚೀಲ ತೆರೆದರೆ ಒಂದು ದಿನ ಚಿಲ್ಲರೆಯಲ್ಲಿ ಖಾಲಿ, ಕೆಡಲು ಪುರುಸೊತ್ತೇ ಇರುವುದಿಲ್ಲ. ಅರ್ಧ ಟನ್, ಒಂದು ಟನ್ ಹಿಡಿಯುವ ದೊಡ್ಡ ಚೀಲಗಳೂ ಸಿಗುತ್ತವೆ, ಆದರೆ ಎರಡು ಹಸುವಿರುವ ಮನೆಯಲ್ಲಿ ಅದು ತೆರೆದ ಮೇಲೆ ಅರ್ಧ ತಿಂಗಳಿನಿಂದ ಒಂದು ತಿಂಗಳವರೆಗೆ ಬಾಯಿ ತೆರೆದುಕೊಂಡಿರುತ್ತದೆ. ಅಲ್ಲಿಗೆ ಗುಂಡಿಯ ಕಥೆಯೇ ಮತ್ತೆ.

ಪಶು ಆಹಾರದ ಹಳೆಯ ಹೆಣೆದ ಚೀಲ ಹೊರಗಿನ ಅಂಗಿಗೆ ಸಾಕು. ಗೊಬ್ಬರ, ಔಷಧಿಯ ಚೀಲ ಬೇಡ. ಹೆಣೆದ ಚೀಲ ಗಾಳಿ ತಡೆಯುವುದಿಲ್ಲ, ಕೆಲಸವೆಲ್ಲ ಒಳಚೀಲದ್ದು. ಅದು ಕನಿಷ್ಠ 100 ಮೈಕ್ರಾನ್ ದಪ್ಪವಿರಬೇಕು, ಹೊಸದೇ ಆಗಿರಬೇಕು. ಊದಿ ನೋಡಿ, ಬಾಯಿ ಹಿಡಿದು ನೀರಿನ ತೊಟ್ಟಿಯಲ್ಲಿ ಒತ್ತಿದರೆ ಗುಳ್ಳೆ ಬರುವ ತೂತು ಗೊತ್ತಾಗುತ್ತದೆ. ಆಮೇಲೆ ಒಳಗೆ ಒರೆಸಿ ಒಣಗಿಸಿ.

ಚೀಲಕ್ಕೆ ನೇರವಾಗಿ ತುಂಬಿ ತುಳಿದರೆ ಬದಿಗೆ ಉಬ್ಬಿ ಬಿಡುತ್ತದೆ, ಒತ್ತಡ ಕೂರುವುದಿಲ್ಲ. ಚೀಲದ ಸುತ್ತಳತೆಗೆ ಸರಿಹೊಂದುವ ಪ್ಲಾಸ್ಟಿಕ್ ಡ್ರಮ್ಮಿನ ಮೇಲ್ಭಾಗ ಕತ್ತರಿಸಿ, ಚೀಲವನ್ನು ಅದರೊಳಗೆ ಇಳಿಸಿ, ಬಾಯಿಯನ್ನು ಡ್ರಮ್ಮಿನ ಅಂಚಿಗೆ ಮಡಚಿ. ಒಂದು ಗೇಣು ಮೇವು ಹಾಕಿ ಮರದ ಒನಕೆಯ ಅಗಲ ತುದಿಯಿಂದ ಅಥವಾ ಬರಿಗಾಲಿನಿಂದ ಒತ್ತುತ್ತಾ ಮೇಲೆ ಬನ್ನಿ. ಮೂಲೆಗಳನ್ನು ಮರೆಯಬೇಡಿ. ಬಾಯಿಗೆ ಒಂದೂವರೆ ಗೇಣು ಖಾಲಿ ಬಿಟ್ಟು, ಮೇವಿನ ಮೇಲೆ ಎರಡೂ ಕೈಯಿಂದ ಒತ್ತಿ ಗಾಳಿ ಹೊರಡಿಸಿ, ಒಳಚೀಲದ ಕುತ್ತಿಗೆಯನ್ನು ಗಟ್ಟಿಯಾಗಿ ತಿರುಚಿ, ತಿರುಚಿದ ಭಾಗವನ್ನು ಹಿಂದಕ್ಕೆ ಮಡಚಿ, ಎರಡು ಪದರಕ್ಕೂ ಸೇರಿಸಿ ಸುತಲಿಯಿಂದ ಬಿಗಿಯಿರಿ. ಬರೀ ತಿರುಚಿ ಕಟ್ಟಿದರೆ ನೆರಿಗೆಗಳ ಸಂದಿಯಿಂದ ಗಾಳಿ ಹೋಗುತ್ತದೆ, ಮಡಚಿದರೆ ಹೋಗುವುದಿಲ್ಲ. ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಕುತ್ತಿಗೆಯಲ್ಲಿ ಕೊಳವೆ ಇಟ್ಟು ಗಾಳಿ ಎಳೆದು ಕಟ್ಟಿ.

ಮೊದಲ ಮೂರ್ನಾಲ್ಕು ದಿನ ಚೀಲ ಉಬ್ಬುತ್ತದೆ. ಹುಳಿ ಏರುತ್ತಿರುವ ಗುರುತು ಅದು, ಹೆದರಬೇಕಿಲ್ಲ, ಚುಚ್ಚಲೂಬೇಡಿ. ಸಿಡಿಯುವಷ್ಟು ಬಿಗಿಯಾದರೆ ಬಯಲಿನಲ್ಲಿ ದಾರ ಸ್ವಲ್ಪ ಸಡಿಲಿಸಿ, ಗಾಳಿ ಹೋದ ತಕ್ಷಣ ಮತ್ತೆ ಬಿಗಿಯಿರಿ.

ಚೀಲದ ನಿಜವಾದ ಶತ್ರು ಇಲಿ. ಒಂದು ಹಲ್ಲಿನ ಗುರುತು ಸಾಕು, ಅದರ ಸುತ್ತ ಬೋಗುಣಿಯಷ್ಟು ಮೇವು ಬೆಳ್ಳಗೆ ಬೂಷ್ಟು ಹಿಡಿಯುತ್ತದೆ. ಕಾಳು, ಹಿಂಡಿ ಇಡುವ ಕೋಣೆಯಲ್ಲಿ ಚೀಲ ಇಡಬೇಡಿ. ನೆರಳಿನಲ್ಲಿ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ, ಎರಡು ಸಾಲಿಗಿಂತ ಎತ್ತರ ಪೇರಿಸದೆ ಇಟ್ಟರೆ ನಾಲ್ಕೂ ಕಡೆ ನೋಡಲು ಸಿಗುತ್ತದೆ. ತೂತು ಕಂಡ ದಿನವೇ ಅಗಲದ ಟೇಪ್ ಹಚ್ಚಿ, ಆ ಚೀಲವನ್ನು ಮೊದಲು ಬಳಸಿ.

ತೆರೆದ ಮೇಲೆ

ಒಳ್ಳೆಯ ರಸಮೇವು ಹಸಿರು ಮಿಶ್ರಿತ ಹಳದಿಯಿಂದ ತಿಳಿ ಕಂದಿನವರೆಗೆ ಇರುತ್ತದೆ, ದಂಟಿನ ತುಂಡು ಎಲೆಯ ತುಂಡು ಬೇರೆಬೇರೆಯಾಗಿ ಕಾಣುತ್ತದೆ, ಹಿತವಾದ ಹುಳಿ ವಾಸನೆ ಬರುತ್ತದೆ. ಗಾಢ ಕಂದು ಬಣ್ಣ, ಸುಟ್ಟ ಬೆಲ್ಲದ ಅಥವಾ ಹೊಗೆಸೊಪ್ಪಿನ ವಾಸನೆ ಬಂದರೆ ತುಂಬುವಾಗ ಗಾಳಿ ಉಳಿದು ಒಳಗೆ ಬೆಂದಿದೆ ಎಂದರ್ಥ. ಹಸು ಅದನ್ನು ಇಷ್ಟಪಟ್ಟೇ ತಿನ್ನುತ್ತದೆ, ಆದರೆ ಪ್ರೋಟೀನಿನ ಒಂದು ಪಾಲು ಜೀರ್ಣವಾಗದಂತಾಗಿರುತ್ತದೆ. ಕೈಗೆ ಲೋಳೆಯಾಗಿ ಅಂಟಿ ನಾರುತ್ತಿದ್ದರೆ ನೀರು ಜಾಸ್ತಿಯಾದ ಕೇಸು. ಪಿಎಚ್ ಕಾಗದ ಸಿಕ್ಕರೆ ಹಿಂಡಿದ ರಸಕ್ಕೆ ಅದ್ದಿ ನೋಡಬಹುದು: ಮೆಕ್ಕೆಜೋಳಕ್ಕೆ 3.8–4.2, ನೇಪಿಯರ್‌ಗೆ 4.5ರೊಳಗೆ ಬಂದರೆ ಚಿಂತೆಯಿಲ್ಲ, 5 ದಾಟಿದರೆ ಹುಳಿಯಾಗಿಲ್ಲ.

ಗುಂಡಿಯನ್ನು ಇಳಿಜಾರಿನ ತಗ್ಗಿನ ತುದಿಯಿಂದ ತೆರೆಯಿರಿ, ಆ ದಿನಕ್ಕೆ ಬೇಕಾದಷ್ಟೇ ಹಾಳೆ ಹಿಂದೆ ಸರಿಸಿ. ಗುದ್ದಲಿಯಿಂದ ಕೆದಕಿ ಸಡಿಲ ಮಾಡದೆ, ಮೇಲಿಂದ ಕೆಳಕ್ಕೆ ನೇರವಾಗಿ ಕೆರೆದು ತೆಗೆದು, ಮುಖ ನುಣುಪಾಗಿ ಇರುವಂತೆ ನೋಡಿಕೊಳ್ಳಿ. ಬೆಳಿಗ್ಗೆ ಮುಖದೊಳಗೆ ಅಂಗೈ ತೂರಿಸಿ ನೋಡುವುದು ಒಳ್ಳೆಯ ಅಭ್ಯಾಸ. ಬೆಚ್ಚಗೆ ತಾಗಿದರೆ ನೀವು ತೆಗೆಯುವ ವೇಗ ಸಾಲುತ್ತಿಲ್ಲ. ದಿನಕ್ಕೆ ಇನ್ನೊಂದಿಷ್ಟು ಹೆಚ್ಚು ತೆಗೆಯಿರಿ.

ಹಸುವಿಗೆ ಮೊದಲ ದಿನ 4–5 ಕೆಜಿಯಿಂದ ಶುರುಮಾಡಿ, ವಾರ ಹತ್ತು ದಿನದಲ್ಲಿ ಪೂರ್ತಿ ಪ್ರಮಾಣಕ್ಕೆ ಬನ್ನಿ. ನೂರಕ್ಕೆ 30 ಒಣ ಅಂಶವಿರುವ 15 ಕೆಜಿ ರಸಮೇವಿನಲ್ಲಿ ಒಣ ಅಂಶ 4.5 ಕೆಜಿ ಮಾತ್ರ. 400 ಕೆಜಿ ತೂಕದ ಕರೆಯುವ ಹಸುವಿಗೆ ದಿನಕ್ಕೆ 12 ಕೆಜಿಯಷ್ಟು ಬೇಕಾಗುವುದರಿಂದ ರಾಗಿ ಹುಲ್ಲು, ಹಿಂಡಿ ಬೂಸಾ ನಿಲ್ಲಿಸುವಂತಿಲ್ಲ. ಮೆಕ್ಕೆಜೋಳದ ರಸಮೇವಿನಲ್ಲಿ ಪ್ರೋಟೀನ್ ಕಡಿಮೆ ಎಂಬುದನ್ನೂ ಲೆಕ್ಕಕ್ಕಿಟ್ಟು ಕುದುರೆಮಸಾಲೆ ಅಥವಾ ಅಲಸಂದೆ ಸೊಪ್ಪು ಒಂದಿಷ್ಟು ಸೇರಿಸಿ. ಹಾಲು ಕರೆಯುವ ಮೊದಲು ಹಾಕಿದರೆ ಹಾಲಿಗೆ ವಾಸನೆ ಹತ್ತುತ್ತದೆ, ಕರೆದ ಮೇಲೆ ಹಾಕಿ. ಆರು ತಿಂಗಳ ಒಳಗಿನ ಕರುವಿಗೆ ಬೇಡ.

ಬೂಷ್ಟು ಹಿಡಿದ ಭಾಗವನ್ನು ಅದರ ಸುತ್ತಲಿನ ಒಂದು ಹಿಡಿ ಒಳ್ಳೆಯ ಮೇವಿನ ಸಮೇತ ತೆಗೆದು ತಿಪ್ಪೆಗೆ ಹಾಕಿ, ತೆಗೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಹಸು ಮೂಸಿ ಬಿಟ್ಟದ್ದನ್ನು ಕುರಿ ಮೇಕೆಗೆ ಎಸೆಯುವ ಅಭ್ಯಾಸ ಹಲವು ಕಡೆ ಇದೆ. ಸರಿಯಾಗಿ ಹುಳಿಯಾಗದ ಮೇವಿನಲ್ಲಿ ಬೆಳೆಯುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ದನಗಳಿಗಿಂತ ಕುರಿಗಳನ್ನೇ ಹೆಚ್ಚು ಕಾಡುತ್ತದೆ. ಕುರಿ ಒಂದೇ ಬದಿಗೆ ತಲೆ ವಾಲಿಸಿ ಸುತ್ತುತ್ತಾ ತಿರುಗಲು ಶುರುಮಾಡಿದರೆ ಆ ಮೇವನ್ನು ತಕ್ಷಣ ನಿಲ್ಲಿಸಿ ಪಶುವೈದ್ಯರನ್ನು ಕರೆಯಿರಿ, ಯಾವ ಮೇವು ಹಾಕಿದ್ದಿರಿ ಎಂಬುದನ್ನೂ ಅವರಿಗೆ ಹೇಳಿ.